ಓಟಿಎಸ್ ಪತ್ರದಲ್ಲಿ ಏನೇನು ನೋಡಬೇಕು?

"ತೋಟದ ಸಾಲಕ್ಕೆ ಬ್ಯಾಂಕಿನಿಂದ ಓಟಿಎಸ್ ಪತ್ರ ಬಂದಿದೆ. 4 ಲಕ್ಷ ಕಟ್ಟಿದರೆ ಮುಗೀತಾ?"

ಓಟಿಎಸ್ ಅಂದರೆ ಬಾಕಿಗಿಂತ ಕಡಿಮೆ ಮೊತ್ತ ಕಟ್ಟಿಸಿಕೊಂಡು ಸಾಲ ಮುಗಿಸುವ ಒಪ್ಪಂದ. ಅದರಲ್ಲಿ ಮೊತ್ತಕ್ಕಿಂತ ಮೊದಲು ತಾರೀಖು ನೋಡಿ. ಸಕಲೇಶಪುರದ ನಮ್ಮ ಭಾವನಿಗೂ ಹೀಗೇ ಪತ್ರ ಬಂದಿತ್ತು. ಬಾಕಿ 6,40,000, ಒಪ್ಪಂದ 4,00,000. ಮೊದಲು 40,000, ಉಳಿದದ್ದು ಮೂರು ಕಂತು. ಕೆಳಗೆ ಸಣ್ಣಕ್ಷರದ ಒಂದು ಸಾಲಿತ್ತು: ಒಂದು ಕಂತು ತಪ್ಪಿದರೂ ರಿಯಾಯಿತಿ ರದ್ದು, ಕಟ್ಟಿದ ಹಣ ಹಳೇ ಬಾಕಿಗೆ ಜಮಾ. ಅಂದರೆ 3 ಲಕ್ಷ ಕಟ್ಟಿ ಎಡವಿದರೆ ಮತ್ತೆ 3,40,000 ಬಾಕಿ, ಮೇಲೆ ಬಡ್ಡಿ! ಕಾಫಿ ಮಾರಿದ ದುಡ್ಡು ಕೈಗೆ ಬರುವ ತಿಂಗಳಿಗೆ ಕಂತು ಹೊಂದುತ್ತಾ ಅಂತ ನೋಡಿ. ಹೊಂದದಿದ್ದರೆ ಸಹಿ ಹಾಕುವ ಮೊದಲೇ ತಾರೀಖು ಬದಲಿಸಿ ಹೊಸ ಪತ್ರ ಕೇಳಿ. ಬಾಯಿಮಾತು ಸಾಲದು.

ಮನ್ನಾ ಆಗುವ ಮೊತ್ತದಲ್ಲಿ ಬಡ್ಡಿ, ದಂಡದ ಬಡ್ಡಿ, ಕೋರ್ಟ್ ಖರ್ಚು ಎಲ್ಲಾ ಸೇರಿದೆಯಾ? ಕೋರ್ಟ್ ಖರ್ಚು ಬೇರೆ ಅಂತ ಬರೆದಿದ್ದರೆ ಅದು ನಿಮ್ಮ ತಲೆಗೇ. ಕೇಸ್ ನಡೆಯುತ್ತಿದ್ದರೆ ಅದನ್ನು ವಾಪಸ್ ಪಡೆಯುವುದಾಗಿ ಪತ್ರದಲ್ಲೇ ಇರಲಿ.

ಕೊನೇ ಕಂತಿನ ನಂತರ ನೋ ಡ್ಯೂ ಸರ್ಟಿಫಿಕೇಟ್ ತಗೊಳ್ಳಿ. ರಿಸರ್ವ್ ಬ್ಯಾಂಕ್ ನಿಯಮದಂತೆ, 2023ರ ಡಿಸೆಂಬರ್ 1ರಿಂದ, ವೈಯಕ್ತಿಕ ಸಾಲ ತೀರಿದ 30 ದಿನದೊಳಗೆ ಮೂಲ ಪತ್ರಗಳನ್ನು ವಾಪಸ್ ಕೊಡಬೇಕು. ಬ್ಯಾಂಕಿನ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ತೋಟದ ಸಾಲಕ್ಕೆ ಈ ನಿಯಮ ಅನ್ವಯಿಸದಿರಬಹುದು, ಆದ್ದರಿಂದ ಮೂಲ ಪತ್ರ ಯಾವಾಗ ಕೊಡುತ್ತಾರೆ ಅಂತ ಓಟಿಎಸ್ ಪತ್ರದಲ್ಲೇ ಬರೆಸಿ. ಪಹಣಿಯಲ್ಲಿ ಬ್ಯಾಂಕಿನ ಋಣ ಹೋಗಿದೆಯಾ ಅಂತಲೂ ನೋಡಿ. ಭಾವ ಇದೊಂದನ್ನು ಮರೆತು ಮತ್ತೆ ಓಡಾಡಬೇಕಾಯಿತು.

ಇನ್ನೊಂದು, ನಿಮ್ಮ ಸಾಲಗಳ ದಾಖಲೆ ಇಡುವ ಸಿಬಿಲ್‌ನಲ್ಲಿ ಇದು 'ಕ್ಲೋಸ್ಡ್' ಅಲ್ಲ, 'ಸೆಟಲ್ಡ್' ಅಂತ ಬರುತ್ತದೆ. ಮುಂದಿನ ಸಾಲಕ್ಕೆ ಅದು ಅಡ್ಡ ಬರಬಹುದು.