ವೀರಭದ್ರಾಸನದಲ್ಲಿ ಮೊಣಕಾಲು ನೋಯುತ್ತಿದ್ದರೆ ಹಿಂದಿನ ಸೊಂಟ ನೋಡಿಕೊಳ್ಳಿ

ಪ್ರಶ್ನೆ: ಯೋಗ ಈಗಷ್ಟೇ ಶುರು ಮಾಡಿದ್ದೇನೆ. ವೀರಭದ್ರಾಸನ ಎರಡರಲ್ಲಿ ಮುಂದಿನ ಮೊಣಕಾಲಿನ ಒಳಬದಿ ನೋಯುತ್ತೆ. 90 ಡಿಗ್ರಿ ಮಡಚೋಕೆ ಆಗ್ತಿಲ್ಲ ಅಂತ ಹೀಗಾ? ನೀ ಕ್ಯಾಪ್ ಹಾಕಿದರೆ ಸರಿಹೋಗುತ್ತಾ?

ನೀ ಕ್ಯಾಪಿನ ದುಡ್ಡು ಉಳಿಸಿ. 90 ಡಿಗ್ರಿಯನ್ನೂ ಸದ್ಯಕ್ಕೆ ಮರೆತುಬಿಡಿ.

ವಿಜಯಪುರದಲ್ಲಿ ಬೆಳಗಿನ ಶಿಬಿರಕ್ಕೆ ಹೋಗುತ್ತಿದ್ದಾಗ ನನಗೂ ಅದೇ ಜಾಗದಲ್ಲಿ ನೋವು ಹಿಡಿದಿತ್ತು. ಕಲಿಸುವ ಸರ್ ಒಂದೇ ಮಾತು ಹೇಳುತ್ತಿದ್ದರು: "ಹಿಂದ ಗೋಡೆ ಐತಿ ಅಂತ ತಿಳ್ಕೊರಿ, ಸೊಂಟದ ಎರಡೂ ಬದಿ ಅದಕ್ಕ ಹತ್ತಬೇಕು." ನಾನು ಹಟ ಹಿಡಿದು ಹತ್ತಿಸಿದೆ. ಮೆಟ್ಟಿಲು ಇಳಿಯುವಾಗಲೂ ನೋಯುವಷ್ಟಾಯಿತು.

ಏನಾಗಿತ್ತು ಅಂದರೆ, ಬಲಗಾಲು ಮುಂದಿದೆ ಅಂದುಕೊಳ್ಳಿ. ಎಡ ಸೊಂಟವನ್ನು ಪೂರ್ತಿ ಹಿಂದಕ್ಕೆಳೆದರೆ, ಬಲ ತೊಡೆ ಸೊಂಟದ ಸಂದಿನಲ್ಲಿ ಅಷ್ಟೇ ಹೊರಕ್ಕೆ ತಿರುಗಬೇಕು. ಹೊಸಬರ ಸಂದು ಅಷ್ಟು ಬಿಚ್ಚುವುದಿಲ್ಲ. ಹಾಗಾಗಿ ತೊಡೆ ಸೊಂಟದ ಜೊತೆಗೇ ಒಳಕ್ಕೆ ಬರುತ್ತದೆ. ಪಾದ ಮಾತ್ರ ನೆಲ ಕಚ್ಚಿಕೊಂಡು ನೇರ ಮುಂದಕ್ಕೇ ಇರುತ್ತದೆ. ಆ ತಿರುಚು ಬೀಳುವುದು ನಡುವಿನ ಮೊಣಕಾಲಿಗೆ. ಅದು ಬಾಗಿಲಿನ ಕೀಲಿದ್ದ ಹಾಗೆ, ಮಡಚಲಿಕ್ಕೆ ಚೆಂದ, ತಿರುಚಲಿಕ್ಕೆ ಅಲ್ಲ. ಒಳಬದಿಯ ಲಿಗಮೆಂಟ್ ಎಳೆಯುತ್ತದೆ.

ನಿಮ್ಮದೂ ಇದೇನಾ ಅಂತ ತಿಳಿಯಲು, ಆಸನದಲ್ಲಿ ನಿಂತು ಕೆಳಗೆ ನೋಡಿ. ಮೊಣಕಾಲಿನ ಒಳಗಡೆಯಿಂದ ಹೆಬ್ಬೆರಳು ಕಾಣಬೇಕು. ಮರೆಯಾಗಿದ್ದರೆ ಮೊಣಕಾಲು ಒಳಗೆ ಬಿದ್ದಿದೆ.

ಆಗ ಮೊಣಕಾಲನ್ನು ಕೈಯಿಂದ ತಳ್ಳಬೇಡಿ. ಎಡ ಸೊಂಟ ಸ್ವಲ್ಪ ಮುಂದೆ ಬರಲಿ, ಹೊಟ್ಟೆ ಓರೆಯಾಗಿ ನೋಡಲಿ. ಈಗ ಮೊಣಕಾಲನ್ನು ಎರಡನೇ ಬೆರಳಿನ ಕಡೆಗೆ ಒಯ್ಯಿರಿ, ಸಲೀಸಾಗಿ ಹೋಗುತ್ತದೆ. ಫೋಟೊದಲ್ಲಿ ಇದು ಚೆಂದ ಕಾಣಲ್ಲ, ಕಾಣದಿದ್ದರೆ ಬಿಡಿ.

ಪಾದಗಳ ನಡುವೆ ಮೂರರಿಂದ ಮೂರೂವರೆ ಅಡಿ ಇಟ್ಟು ಶುರು ಮಾಡಿ. ಮಡಚಿದಾಗ ಮೊಣಕಾಲು ಹಿಮ್ಮಡಿಯ ಮೇಲೆ ಇರಲಿ. ಅದನ್ನು ದಾಟಿ ಮುಂದೆ ಹೋದರೆ ಅಂತರ ಸ್ವಲ್ಪ ಹೆಚ್ಚಿಸಿ. ತೊಡೆ ನೆಲಕ್ಕೆ ಸಮ ಆಗಲೇಬೇಕೆಂದಿಲ್ಲ. ನಮ್ಮ ಕಡೆಯ ಮನೆಗಳ ನುಣುಪು ಪರಸಿ ಕಲ್ಲಿನ ನೆಲದ ಮೇಲೆ ಹಿಂದಿನ ಕಾಲು ಜಾರುತ್ತದೆ. ಅದಕ್ಕೆ ಆ ಹಿಮ್ಮಡಿಯನ್ನು ಗೋಡೆಗೆ ಒತ್ತಿ, ಬೆರಳು ಸ್ವಲ್ಪ ಒಳಕ್ಕೆ ತಿರುಗಿಸಿ, ಪಾದದ ಹೊರ ಅಂಚನ್ನು ನೆಲಕ್ಕೆ ಒತ್ತಿ ನಿಲ್ಲಿ. ಆಗ ಹಿಂದಿನ ಸೊಂಟದ ಸಂದಿನಲ್ಲಿ, ತೊಡೆಯ ಒಳಬದಿಯಲ್ಲಿ ಎಳೆತ ಗೊತ್ತಾಗುತ್ತದೆ. ಸಿಗಬೇಕಾದದ್ದು ಅದೇ.

15–20 ಸೆಕೆಂಡ್ ಸಾಕು. ಮುಂದಿನ ತೊಡೆ ಉರಿದು ನಡುಗಿದರೆ ಹೆದರಬೇಡಿ, ಸ್ನಾಯು ಕೆಲಸ ಮಾಡುತ್ತಿದೆ. ಆದರೆ ಮೊಣಕಾಲನ್ನು ಹೊರಗೆ ಹಿಡಿಯುವುದು ಕುಂಡಿಯ ಪಕ್ಕದ ಸ್ನಾಯು, ಅದು ತೊಡೆಗಿಂತ ಮೊದಲೇ ಸೋಲಬಹುದು. ಹೆಬ್ಬೆರಳು ಮರೆಯಾದ ಕೂಡಲೇ, ಹತ್ತೇ ಸೆಕೆಂಡ್ ಆಗಿದ್ದರೂ, ಕಾಲು ನೇರ ಮಾಡಿ ಎದ್ದುಬಿಡಿ. ಇಷ್ಟು ತಿದ್ದಿಕೊಂಡ ಮೇಲೂ ನೋಯುತ್ತಿದ್ದರೆ, ಅಥವಾ ಮೊಣಕಾಲು ಊದಿದ್ದರೆ, ಆಸನ ನಿಲ್ಲಿಸಿ ಮೂಳೆ ಡಾಕ್ಟರಿಗೆ ತೋರಿಸಿ.