ಶೇ 4 ದೋಷದ ಲಾಟ್ ಪಾಸಾಗುವುದೇಕೆ?

ಪ್ರಶ್ನೆ: ತುಮಕೂರಿನ ವಸಂತನರಸಾಪುರದಲ್ಲಿ ನಮ್ಮದು ಸಣ್ಣ ಅಸೆಂಬ್ಲಿ ಘಟಕ. 2000 ಬುಷ್‌ಗಳ ಲಾಟ್ ಬಂದರೆ 50 ತೆಗೆದು ಅಳೆಯುತ್ತೇವೆ. ಒಂದು ಕೆಟ್ಟಿದ್ದರೂ ಪಾಸ್, ಎರಡಾದರೆ ವಾಪಸ್. ಆದರೂ ನೂರಕ್ಕೆ ನಾಲ್ಕು ಕೆಟ್ಟಿರುವ ಲಾಟ್‌ಗಳು ಲೈನಿಗೆ ಬರುತ್ತಿವೆ. ಇದಕ್ಕೆ ಓಸಿ ಕರ್ವ್ ಹಾಕಿ ನೋಡುವುದು ಹೇಗೆ?

ಉತ್ತರ: ದೋಷದ ಪ್ರಮಾಣ ಇಷ್ಟಿದ್ದರೆ ಲಾಟ್ ಪಾಸಾಗುವ ಸಂಭವ ಎಷ್ಟು ಎಂದು ತೋರಿಸುವ ಗೆರೆಯೇ ಓಸಿ ಕರ್ವ್. ಲಾಟ್ ಪಾಸಾಗಲು 50ರಲ್ಲಿ ಕೆಟ್ಟದ್ದು ಸೊನ್ನೆ ಇರಬೇಕು, ಇಲ್ಲವೇ ಒಂದು ಇರಬೇಕು. ದೋಷದ ಪ್ರಮಾಣ p ಆದರೆ, ದ್ವಿಪದ ವಿತರಣೆಯಂತೆ ಆ ಎರಡರ ಸಂಭವನೀಯತೆಯನ್ನು ಕೂಡಿಸಿದರೆ ಲಾಟ್ ಪಾಸಾಗುವ ಸಂಭವ Pa ಸಿಗುತ್ತದೆ:

```
Pa = (1-p)^50 + 50*p*(1-p)^49
```

p = 0.04 ಹಾಕಿ. ಮೊದಲ ಪದ 0.130, ಎರಡನೆಯದು 0.271, ಒಟ್ಟು 0.40. ಅಂದರೆ ಶೇ 4 ದೋಷದ ಹತ್ತು ಲಾಟ್ ಬಂದರೆ ಸರಾಸರಿ ನಾಲ್ಕು ನಿಮ್ಮ ಕೈ ತಪ್ಪಿ ಒಳಗೆ ಹೋಗುತ್ತವೆ. ತಪಾಸಣೆ ಮಾಡುವವರ ಅಳತೆಯಲ್ಲಿ ತಪ್ಪಿಲ್ಲ. ಪ್ಲಾನೇ ಅಷ್ಟು ಸಡಿಲವಾಗಿದೆ. ಇದೇ ರೀತಿ ಶೇ 1ಕ್ಕೆ 0.91, ಶೇ 2ಕ್ಕೆ 0.74, ಶೇ 8ಕ್ಕೆ 0.08 ಬರುತ್ತದೆ. ಅಡ್ಡ ಅಕ್ಷದಲ್ಲಿ p, ಲಂಬ ಅಕ್ಷದಲ್ಲಿ Pa ಗುರುತಿಸಿ, p ಸೊನ್ನೆ ಇದ್ದಾಗ Pa 1 ಎಂಬ ಬಿಂದುವಿನಿಂದ ಗೆರೆ ಎಳೆದರೆ ಕರ್ವ್ ಸಿದ್ಧ.

ಎಕ್ಸೆಲ್‌ನಲ್ಲಾದರೆ ಒಂದೇ ಸಾಲು:

```
=BINOM.DIST(1,50,0.04,TRUE)
```

ಇಲ್ಲಿ TRUE ಬದಲು FALSE ಹಾಕಿದರೆ ಸರಿಯಾಗಿ ಒಂದೇ ಒಂದು ಕೆಟ್ಟದ್ದು ಸಿಗುವ 0.27 ಮಾತ್ರ ಬರುತ್ತದೆ. p ಸೊನ್ನೆಗೆ ಉತ್ತರ 1ರ ಬದಲು 0 ಬಂದರೆ ಈ ತಪ್ಪಾಗಿದೆ ಎಂದು ತಿಳಿಯಿರಿ.

ಎರಡು ಕೆಟ್ಟವು ಸಿಕ್ಕಾಗ ಸಪ್ಲೈಯರ್ ಒತ್ತಾಯಕ್ಕೆ ಇನ್ನೊಂದು ಸಲ 50 ತೆಗೆದು ನೋಡುವ ರೂಢಿ ಅನೇಕ ಕಡೆ ಇದೆ. ನಿಮ್ಮಲ್ಲೂ ಇದ್ದರೆ ಇವತ್ತೇ ನಿಲ್ಲಿಸಿ. ಎರಡು ಅವಕಾಶ ಕೊಟ್ಟಾಗ ಶೇ 4ರ ಲಾಟ್ ಪಾಸಾಗುವ ಸಂಭವ 1 − 0.6 × 0.6, ಅಂದರೆ 0.64ಕ್ಕೆ ಏರುತ್ತದೆ. ನೀವು ಬರೆದ ಕರ್ವ್ ಆಗ ನಿಮ್ಮ ಪ್ಲಾನಿನದ್ದಾಗಿ ಉಳಿಯುವುದಿಲ್ಲ.

ಬಿಗಿ ಮಾಡಲೆಂದು 50ಕ್ಕೆ ಒಂದೂ ಕೆಡಬಾರದು ಎಂದರೆ ಶೇ 1ರ ಲಾಟ್ ಪಾಸಾಗುವುದು 0.61ಕ್ಕೆ ಇಳಿದು, ಒಳ್ಳೆಯ ಸಪ್ಲೈಯರ್‌ಗೇ ಪೆಟ್ಟು ಬೀಳುತ್ತದೆ. ಅದರ ಬದಲು 100 ಅಳೆಯಿರಿ, ಎರಡರವರೆಗೆ ಒಪ್ಪಿ. ಶೇ 1ಕ್ಕೆ 0.92, ಅಂದರೆ ಹೆಚ್ಚುಕಡಿಮೆ ಮೊದಲಿನಷ್ಟೇ ಉಳಿಯುತ್ತದೆ, ಶೇ 4ಕ್ಕೆ 0.23ಕ್ಕೆ ಇಳಿಯುತ್ತದೆ. ಅಳೆಯುವ ಕೆಲಸ ಇಮ್ಮಡಿಯಾಗುತ್ತದೆ ನಿಜ, ಆದರೆ ಅಸೆಂಬ್ಲಿಯಾದ ಮೇಲೆ ಬುಷ್ ಬಿಚ್ಚುವ ಖರ್ಚಿನೊಂದಿಗೆ ಹೋಲಿಸಿ ನೋಡಿ.

ಈ ಲೆಕ್ಕವೆಲ್ಲ ಪೀಸ್‌ಗಳನ್ನು ಯಾದೃಚ್ಛಿಕವಾಗಿ ತೆಗೆದರೆ ಮಾತ್ರ ನಿಜ. ಟೂಲ್ ಸವೆದಾಗ ಕೆಟ್ಟ ಬುಷ್‌ಗಳು ಒಂದರ ಹಿಂದೆ ಒಂದು ಬಂದು ಒಂದೇ ಕ್ರೇಟ್‌ನಲ್ಲಿ ಕೂರುತ್ತವೆ. ಮೇಲಿನ ಕ್ರೇಟ್‌ನಿಂದಲೇ 50 ಬಾಚಿದರೆ ಅಡಿಯದ್ದು ಕಣ್ಣಿಗೇ ಬೀಳುವುದಿಲ್ಲ. ಎಲ್ಲ ಕ್ರೇಟ್‌ಗಳಿಂದಲೂ, ತಳದಿಂದಲೂ ತೆಗೆಯಿರಿ. ಲಾಟ್ 200ರಷ್ಟು ಚಿಕ್ಕದಾಗಿದ್ದರೆ ದ್ವಿಪದ ಬಿಟ್ಟು HYPGEOM.DIST ಬಳಸಿ, ಆಗ 50ಕ್ಕೆ ಒಂದರ ಪ್ಲಾನಿನಲ್ಲಿ ಶೇ 4ಕ್ಕೆ 0.40 ಅಲ್ಲ, 0.36 ಬರುತ್ತದೆ.