ಎಣ್ಣೆಗಾಯಿ ಫೋಟೋ ಮತ್ತು ಮರುದಿನದ ಜಗಳ

ಸಣ್ಣ ವ್ಯಾಪಾರ ಮಾಡುವವರಿಗೆ ಸಲಹೆ ಕೊಡುವುದು ನನ್ನ ಕೆಲಸ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಈ ಪ್ರಕರಣ ಬರೆಯುತ್ತಿದ್ದೇನೆ.

ಧಾರವಾಡದ ಕಡೆಯ ಒಂದು ಖಾನಾವಳಿ. ನಡೆಸುವವರು ಐವತ್ತರ ಆಸುಪಾಸಿನ ಹೆಣ್ಣುಮಗಳು. ದಿನಾ ರೊಟ್ಟಿ ಊಟದ ಜೊತೆ ಒಂದು ಸ್ಪೆಷಲ್ ಇರುತ್ತದೆ. ಗುರುವಾರ ಎಣ್ಣೆಗಾಯಿ, ಶುಕ್ರವಾರ ಶೇಂಗಾ ಹೋಳಿಗೆ, ಹೀಗೆ. ಫೋಟೋ ಹಾಕುವುದು ಕಾಲೇಜಿಗೆ ಹೋಗುವ ಮಗನ ಕೆಲಸ. "ಲೈಕ್ ಭಾಳ ಬರ್ತಾವ್ರಿ ಸರ, ಮಂದಿ ಬರವಲ್ರು. ಬಂದವ್ರೂ ಜಗಳಾ ತಗೀತಾರ" ಎಂದರು.

ಜಗಳದ ಮೂಲ ಮಗನ ಫೋನಿನಲ್ಲೇ ಇತ್ತು. ಅವನು ಕಾಲೇಜು ಮುಗಿಸಿ ಬಂದು, ಮಧ್ಯಾಹ್ನ ಎರಡರ ಹೊತ್ತಿಗೆ ಇನ್‌ಸ್ಟಾಗ್ರಾಮ್‌ನಲ್ಲಿ ಪೋಸ್ಟ್ ಹಾಕುತ್ತಿದ್ದ. "ಇಂದಿನ ಸ್ಪೆಷಲ್ ಎಣ್ಣೆಗಾಯಿ" ಅಂತಷ್ಟೇ. ಬೆಲೆ ಇಲ್ಲ, ವಾರ ಇಲ್ಲ, ಹೊತ್ತು ಇಲ್ಲ. ಆ ಪೋಸ್ಟ್ ಅಲ್ಲೇ ಉಳಿಯುತ್ತದೆ. ನೋಡಿದವರು ಶನಿವಾರ ಬಂದು ಎಣ್ಣೆಗಾಯಿ ಕೇಳಿದರೆ ತಪ್ಪು ಅವರದ್ದಲ್ಲ, ಅಲ್ವಾ? ಇನ್ನು ಲೈಕ್ ಕೊಟ್ಟವರಲ್ಲಿ ಬಹಳಷ್ಟು ಜನ ಬೆಂಗಳೂರು, ಪುಣೆಯವರು. ಅವರು ಮಧ್ಯಾಹ್ನದ ಊಟಕ್ಕೆ ಇಲ್ಲಿಗೆ ಬರುತ್ತಾರಾ?

ಹಾಗಾಗಿ ದಿನದ ಸ್ಪೆಷಲ್ ಅನ್ನು ವಾಟ್ಸಾಪ್ ಸ್ಟೇಟಸ್‌ಗೆ ತರಲು ಹೇಳಿದೆ. ಅದು 24 ಗಂಟೆಗೆ ತಾನೇ ಹೋಗುತ್ತದೆ. ಆದರೆ ಅಲ್ಲೂ ಒಂದು ತೊಡಕಿದೆ. ಇವತ್ತು ಹತ್ತೂವರೆಗೆ ಹಾಕಿದ್ದು ನಾಳೆ ಬೆಳಿಗ್ಗೆ ಒಂಬತ್ತಕ್ಕೂ ಕಾಣುತ್ತದೆ. ನಾಳೆ ನೋಡಿದವರಿಗೂ ಅದು "ಇವತ್ತು"! ಅದಕ್ಕೇ ವಾರದ ಹೆಸರು ಫೋಟೋ ಮೇಲೆಯೇ ಇರಬೇಕು. ಬರೆದುಕೊಟ್ಟದ್ದು ಇಷ್ಟು:

"ಗುರುವಾರ ಮಧ್ಯಾಹ್ನ 12:30ರಿಂದ ಎಣ್ಣೆಗಾಯಿ ಊಟ. 2 ರೊಟ್ಟಿ, ಅನ್ನ, ಸಾರು, ಮಜ್ಜಿಗೆ. 90 ರೂಪಾಯಿ. 40 ಊಟ ಮಾತ್ರ."

ಊಟ ಮುಗಿದ ಕೂಡಲೇ ಆ ಸ್ಟೇಟಸ್ ಅಳಿಸಿ, "ಗುರುವಾರದ ಎಣ್ಣೆಗಾಯಿ ಮುಗೀತು" ಎಂದು ಹಾಕಬೇಕು. ಬೆಳಿಗ್ಗೆ ಮಗ ಇರುವುದಿಲ್ಲ. ಆದ್ದರಿಂದ ಈ ಕೆಲಸ ತಾಯಿಯೇ ಕಲಿಯಬೇಕಾಯಿತು. ಮಗನಿಗೆ ಸ್ವಲ್ಪ ಬೇಜಾರಾಯಿತು. ಇನ್‌ಸ್ಟಾಗ್ರಾಮ್ ಅವನಿಗೇ ಬಿಟ್ಟೆವು. ಅಲ್ಲಿ ಬದಲಾಗದ ಸಂಗತಿ ಇರಲಿ: ಯಾವ ವಾರ ಏನು, ರಜೆ ಯಾವತ್ತು, ದಾರಿ ಹೇಗೆ. ಆ ಪೋಸ್ಟ್ ಅನ್ನು ಪ್ರೊಫೈಲ್‌ನ ಮೇಲ್ಗಡೆ ಪಿನ್ ಮಾಡಿದ.

ಸ್ಟೇಟಸ್‌ಗೆ ಒಂದು ಮಿತಿ ಇದೆ. ಗಿರಾಕಿಯ ನಂಬರ್ ಇವರ ಫೋನಿನಲ್ಲಿ ಸೇವ್ ಆಗಿರಬೇಕು, ಇವರದ್ದು ಅವರ ಫೋನಿನಲ್ಲೂ. ಇಲ್ಲದಿದ್ದರೆ ಕಾಣುವುದೇ ಇಲ್ಲ. ದುಡ್ಡು ಕೊಡುವ ಹೊತ್ತಿನಲ್ಲಿ "ನಂಬರ್ ಸೇವ್ ಮಾಡ್ಕೊಳ್ರಿ, ದಿನದ ಸ್ಪೆಷಲ್ ಕಾಣ್ತದ" ಅಂತ ಕೇಳುವುದೇ ಸರಿ. ಸುಮ್ನೆ ಗುಂಪು ಮಾಡಿ ಎಲ್ಲರನ್ನೂ ಸೇರಿಸಿದರೆ ಜನ ಬ್ಲಾಕ್ ಮಾಡುತ್ತಾರೆ.

ಇನ್ನು ಫೋಟೋ. ಅಡುಗೆಮನೆಯ ಟ್ಯೂಬ್‌ಲೈಟ್ ಕೆಳಗೆ, ಫ್ಲ್ಯಾಶ್ ಹಾಕಿ ತೆಗೆದದ್ದು. ಸ್ಟೀಲ್ ಬಟ್ಟಲಲ್ಲಿ ಕಪ್ಪನೆಯ ಮುದ್ದೆ, ಎಣ್ಣೆಯ ಮೇಲೆ ಬಿಳಿ ಚುಕ್ಕೆ. ಬದನೆಕಾಯಿ ಅಂತ ಗೊತ್ತೇ ಆಗುವುದಿಲ್ಲ. ಮೊದಲು ಲೆನ್ಸ್ ಒರೆಸಿದೆವು. ಅಡುಗೆ ಮಾಡುವವರ ಫೋನಿನ ಲೆನ್ಸ್ ಮೇಲೆ ಎಣ್ಣೆಗೈ ಗುರುತು ಇದ್ದೇ ಇರುತ್ತದೆ, ಫೋಟೋ ಮಂಜು ಕವಿದಂತಾಗಲು ಅದೇ ಕಾರಣ. ಆಮೇಲೆ ಬಾಗಿಲ ಪಕ್ಕ, ಬಿಸಿಲು ನೇರ ಬೀಳದ ಕಡೆ ಸ್ಟೂಲ್ ಇಟ್ಟು ತಟ್ಟೆ ಇಟ್ಟೆವು. ಫ್ಲ್ಯಾಶ್ ಬೇಡ, ಟ್ಯೂಬ್‌ಲೈಟೂ ಆಫ್. ಎರಡು ಥರದ ಬೆಳಕು ಸೇರಿದರೆ ಅನ್ನದ ಬಣ್ಣ ಕೆಡುತ್ತದೆ. ಬಾಗಿಲ ಬೆಳಕು ಒಂದು ಪಕ್ಕದಿಂದ ಬರುತ್ತಿತ್ತು. ಇನ್ನೊಂದು ಪಕ್ಕ ಕತ್ತಲಾಗಿ ಕಂಡಾಗ ಅಲ್ಲಿ ಒಂದು ಬಿಳಿ ರಟ್ಟು ನಿಲ್ಲಿಸಿದೆವು.

ಎಣ್ಣೆಗಾಯಿ ಹೊರಗಿನಿಂದ ಬರೀ ಕಂದು. ಅದರ ರುಚಿ ಇರುವುದು ಒಳಗಿನ ಶೇಂಗಾ, ಗುರೆಳ್ಳಿನ ಮಸಾಲೆಯಲ್ಲಿ. ಒಂದು ಕಾಯಿಯನ್ನು ಚಮಚದಿಂದ ಬಿಡಿಸಿ ಆ ಹೂರಣ ಕಾಣುವಂತೆ ಇಟ್ಟರು. ಪಕ್ಕದಲ್ಲಿ ಬಿಳಿ ರೊಟ್ಟಿ, ಹಸಿ ಉಳ್ಳಾಗಡ್ಡಿ, ಒಂದು ಮೆಂತ್ಯದ ಸೊಪ್ಪಿನ ಕಟ್ಟು. ಮೇಲಿನಿಂದ ತೆಗೆದರೆ ಕಾಯಿ ಚಪ್ಪಟೆಯಾಗಿ ಕಾಣುತ್ತದೆ. ಊಟಕ್ಕೆ ಕೂತವರ ಕಣ್ಣಿಗೆ ಕಾಣುವಷ್ಟು ಓರೆಯಲ್ಲಿ ತೆಗೆದೆವು. ಫೋನಿನ ಪರದೆಯ ಮೇಲೆ ಕಾಯಿಯನ್ನು ಒತ್ತಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ತುಸು ಕೆಳಗೆಳೆದಾಗ ಬಟ್ಟಲಿನ ಹೊಳಪು ಇಳಿಯಿತು. ಫೋಟೋಗೆ ಇಟ್ಟಷ್ಟೇ ಕಾಯಿ ತಟ್ಟೆಯಲ್ಲೂ ಇರಬೇಕು ಅಂತ ಹೇಳಿದೆ. ಒಂದು ಹೆಚ್ಚು ಇಟ್ಟರೆ ಮತ್ತೆ ಜಗಳ.

ಸ್ಟೇಟಸ್ ಎಷ್ಟು ಜನ ನೋಡಿದರು ಅನ್ನುವುದು ಫೋನಿನಲ್ಲೇ ಕಾಣುತ್ತದೆ, ಆದರೆ ಅದು ಗಿರಾಕಿಗಳ ಲೆಕ್ಕ ಅಲ್ಲ. ಬಂದವರನ್ನು "ಸ್ಟೇಟಸ್ ನೋಡಿ ಬಂದ್ರೇನ್ರಿ?" ಅಂತ ಕೇಳಿ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಲು ಹೇಳಿದ್ದೆ. ತಿಂಗಳ ನಂತರ ನೋಡಿದರೆ ಗುರುವಾರ ಗೆರೆ ಜಾಸ್ತಿ, ಶುಕ್ರವಾರ ಕಮ್ಮಿ. ಹೋಳಿಗೆ ಮನೆಗೆ ಕಟ್ಟಿಸಿಕೊಂಡು ಹೋಗುವವರೇ ಹೆಚ್ಚು, ಅವರಿಗೆ ಹತ್ತೂವರೆಗೆ ಗೊತ್ತಾದರೆ ತಡವಾಯಿತು. ಈಗ ಹೋಳಿಗೆಯದ್ದನ್ನು ಮಾತ್ರ ಗುರುವಾರ ಸಂಜೆಯೇ ಹಾಕುತ್ತಾರೆ, ರಾತ್ರಿ ಎಂಟರೊಳಗೆ ಆರ್ಡರ್ ತೆಗೆದುಕೊಂಡು ಎಷ್ಟು ಹೂರಣ ಮಾಡಬೇಕು ಅಂತ ಲೆಕ್ಕ ಹಾಕುತ್ತಾರೆ.